6 ಓವರ್ ಸೆಷನ್ ಲೈನ್: ಬೇಗ ವಿಕೆಟ್ ಬಿದ್ದರೆ ಒಮ್ಮೆ 5 ಇಳಿತದೆ, ಒಮ್ಮೆ 2 ಮಾತ್ರ. ಯಾಕೆ?

ಬಿಜೈ ಹುಡುಗ
ಎಲ್ಲರಿಗೂ ನಮಸ್ಕಾರ. ನಾನು ಇಲ್ಲೇ ಮಂಗಳೂರಲ್ಲಿ ಎಂಎಸ್ಸಿ ಸ್ಟಾಟಿಸ್ಟಿಕ್ಸ್ ಓದ್ತಾ ಇದ್ದೇನೆ. ರೂಮಿನ ಹತ್ತಿರ ಒಂದು ಜ್ಯೂಸ್ ಅಂಗಡಿ ಉಂಟು, ಮ್ಯಾಚ್ ಇದ್ದ ದಿನ ಅಲ್ಲಿ ಟಿವಿ ಮುಂದೆ ಹತ್ತಿಪ್ಪತ್ತು ಜನ ಸೇರ್ತಾರೆ. ಅವರ ಬಾಯಲ್ಲಿ ಸ್ಕೋರಿಗಿಂತ ಹೆಚ್ಚು ಕೇಳುವುದು "ಸೆಷನ್ ಎಷ್ಟುಂಟು?" ಅಂತಲೇ. ಮೊದಲ 6 ಓವರಿಗೆ ಬೆಟ್ಟಿಂಗಿನ ನಂಬರು 49-50 ರನ್ ಅಂತ ಒಬ್ಬ ಹೇಳ್ತಾನೆ, ವಿಕೆಟ್ ಬಿದ್ದ ಕೂಡಲೇ 44-45 ಅಂತಾನೆ. ಇನ್ನೊಂದು ದಿನ ವಿಕೆಟ್ ಬಿದ್ದರೂ ಒಂದೆರಡು ರನ್ ಮಾತ್ರ ಇಳಿದಿರ್ತದೆ.

ನನಗೆ ಹಣ ಕಟ್ಟುವುದು ಬೇಡ. ನಂಬರು ಎಲ್ಲಿಂದ ಬರ್ತದೆ ಅಂತ ಗೊತ್ತಾಗಬೇಕು. ಪವರ್‌ಪ್ಲೇ ಸರಾಸರಿ ತಗೊಂಡು ಅದರಿಂದ ವಿಕೆಟಿಗೆ ಇಷ್ಟು ಅಂತ ಕಳೆಯುವುದಾ? ಹಾಗಿದ್ದರೆ ಪ್ರತಿ ವಿಕೆಟಿಗೂ ಒಂದೇ ಬೆಲೆ ಇರಬೇಕಿತ್ತಲ್ಲ?

ನಿರ್ವಾಹಕ
ಶುರುವಲ್ಲೇ ಹೇಳಿಬಿಡ್ತೇನೆ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಹಣ ಕಟ್ಟಿ ಆಡುವ ಆಟ ನಡೆಸುವುದು, ಅದರ ಜಾಹೀರಾತು, ಅದಕ್ಕೆ ಹಣ ವರ್ಗಾಯಿಸುವುದು ಮೂರೂ ನಿಷಿದ್ಧ. ಆ್ಯಪ್ ಹೆಸರು, ಲಿಂಕು, ಟಿಪ್ಸ್ ಇಲ್ಲಿ ಹಾಕಬೇಡಿ. ಲೆಕ್ಕದ ಚರ್ಚೆ ಧಾರಾಳವಾಗಿ ನಡೆಯಲಿ.

ಪಣಂಬೂರು ಎಕ್ಸ್‌ಪ್ರೆಸ್
ಇದರಲ್ಲಿ ದೊಡ್ಡ ಲೆಕ್ಕ ಎಂತ ಇಲ್ಲ ಮಾರಾಯ. ಆ ಗ್ರೌಂಡಿನ ಪವರ್‌ಪ್ಲೇ ಆ್ಯವರೇಜ್ 50 ಅಂತ ಇಟ್ಟುಕೊ. ಒಂದು ವಿಕೆಟಿಗೆ 5 ಕಡಿಮೆ, ಎರಡಕ್ಕೆ 10. ಬಾಕಿ ಎಲ್ಲ ಹಣದ ಆಟ. ಅಷ್ಟು ರನ್ ಆಗ್ತದೆ ಅಂತ ಜನ ಯೆಸ್ ಹೇಳಿದರೆ ನಂಬರು ಏರ್ತದೆ, ಆಗುವುದಿಲ್ಲ ಅಂತ ನೋ ಹೇಳಿದರೆ ಇಳಿತದೆ. ಇಲ್ಲಿ ಊರಲ್ಲಿ ಹೇಳುವವ ಲೆಕ್ಕ ಮಾಡುವುದೇ ಇಲ್ಲ, ಮೇಲಿಂದ ಬಂದದ್ದನ್ನು ಹಾಗೇ ಹೇಳ್ತಾನೆ.

ಅಜ್ಜರಕಾಡು ಹಿರಿಯ
ಸೆಷನ್ ಅಂದರೆ ಲಂಚಿನವರೆಗೆ ಒಂದು, ಟೀವರೆಗೆ ಒಂದು, ಆಟ ಮುಗಿಯುವವರೆಗೆ ಒಂದು. ಇದರಲ್ಲಿ 6 ಓವರ್ ಎಲ್ಲಿಂದ ಬಂತು? ಮೊದಲ ಸೆಷನ್ನಲ್ಲಿ ಹೊಸ ಚೆಂಡು, ತೇವ ಇರುವ ಪಿಚ್ಚು. ಅಲ್ಲಿ 70-80 ರನ್ ಬಂದು ಒಂದೇ ವಿಕೆಟ್ ಹೋಗಿದ್ದರೆ ಬ್ಯಾಟಿಂಗ್ ತಂಡದ್ದೇ ಗೆಲುವು ಅಂತ ನಾವು ರೇಡಿಯೋ ಕೇಳುತ್ತಾ ಲೆಕ್ಕ ಹಾಕುತ್ತಿದ್ದೆವು. ಮೂವತ್ತು ಓವರಿಗೆ ಸರಾಸರಿ ಹಾಕಿದರೆ ಸಾಕಲ್ಲ?

ಕಾರ್ಕಳ ಸ್ಕೋರರ್
ಹಿರಿಯರೇ, ನೀವು ಹೇಳುವುದು ಟೆಸ್ಟಿನ ಸೆಷನ್, ಅದೂ ಸರಿಯೇ. ಈ ಹುಡುಗ ಕೇಳುತ್ತಿರುವುದು ಸಟ್ಟಾದವರ ಸೆಷನ್ ಬಗ್ಗೆ. ಅವರು 6 ಓವರ್, 10 ಓವರ್, 15 ಓವರ್ ಅಂತ ಇನಿಂಗ್ಸನ್ನು ತುಂಡು ಮಾಡಿ ಪ್ರತಿ ತುಂಡಿಗೂ ಸೆಷನ್ ಅಂತಲೇ ಕರೆಯುತ್ತಾರೆ. ಟೆಸ್ಟಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬಿಜೈಯವರೇ, ನಾನು ಹಲವು ವರ್ಷ ಲೀಗ್ ತಂಡಗಳಿಗೆ ಸ್ಕೋರಿಂಗು, ಅನಾಲಿಸಿಸ್ಸು ಮಾಡಿದವನು. ಕ್ರಿಕ್‌ಶೀಟ್‌ನಲ್ಲಿ ಸಿಗುವ ಬಾಲ್-ಬೈ-ಬಾಲ್ ಡೇಟಾ ಹಿಡಿದು ಇದೇ ಲೆಕ್ಕವನ್ನು ಎಷ್ಟೋ ಸಲ ಮಾಡಿದ್ದೇನೆ. ಪಣಂಬೂರಿನವರು ಹೇಳಿದ್ದು ಅರ್ಧ ಸರಿ. ಮೊದಲು ಅದರಲ್ಲಿ ಬಿಟ್ಟುಹೋದ ಮುಖ್ಯ ಅಂಶ ಹೇಳುತ್ತೇನೆ: ಪವರ್‌ಪ್ಲೇ ಸರಾಸರಿಯ ಒಳಗೆ ವಿಕೆಟ್‌ಗಳು ಆಗಲೇ ಸೇರಿಕೊಂಡಿವೆ.

ಸರಾಸರಿ 50 ಅಂದರೆ ವಿಕೆಟೇ ಬೀಳದ ಪಂದ್ಯಗಳ ಸರಾಸರಿ ಅಲ್ಲ. ಮೂರು ವಿಕೆಟ್ ಹೋಗಿ 34 ಆದ ಪಂದ್ಯವೂ ಅದರಲ್ಲಿದೆ, ವಿಕೆಟ್ ಇಲ್ಲದೆ 68 ಆದದ್ದೂ ಇದೆ. ಐಪಿಎಲ್ ಪವರ್‌ಪ್ಲೇಯಲ್ಲಿ ಸುಮಾರು ನಾಲ್ಕೈದು ಓವರಿಗೆ ಒಂದು ವಿಕೆಟ್ ಬೀಳುತ್ತದೆ ಅಂತಿಟ್ಟುಕೊಳ್ಳಿ. ಆ ನಷ್ಟವನ್ನೆಲ್ಲ ಕಳೆದ ಮೇಲೆ ಉಳಿದದ್ದೇ 50. ವಿಕೆಟ್ ಬಿತ್ತು ಅಂತ ಪೂರ್ತಿ ಬೆಲೆಯನ್ನು 50ರಿಂದಲೇ ಕಳೆದರೆ ಒಂದೇ ನಷ್ಟವನ್ನು ಎರಡು ಸಲ ಕಳೆದ ಹಾಗಾಗುತ್ತದೆ.

ಇದರ ಇನ್ನೊಂದು ಮುಖವನ್ನು ಹೆಚ್ಚಿನವರು ಗಮನಿಸುವುದಿಲ್ಲ. ವಿಕೆಟ್ ಬೀಳದೆ ಒಂದು ಓವರ್ ದಾಟಿದರೆ, ನಿರೀಕ್ಷೆಯಷ್ಟೇ ರನ್ ಬಂದಿದ್ದರೂ ಲೈನ್ ಮೇಲೆ ಹೋಗಲೇಬೇಕು.

ಒಂದು ಲೆಕ್ಕ ನೋಡಿ. ಅಂಕಿಗಳು ನಾನು ಲೆಕ್ಕಕ್ಕೆ ಇಟ್ಟುಕೊಂಡವು, ಯಾವ ಪಂದ್ಯದವೂ ಅಲ್ಲ. ಶುರುವಿನ ಲೈನ್ 50. ಮೊದಲ ಓವರಿನಲ್ಲಿ ವಿಕೆಟ್ ಬೀಳುವ ಸಂಭವ ನೂರಕ್ಕೆ 22. ಅಷ್ಟು ಬೇಗ ವಿಕೆಟ್ ಬಿದ್ದ ದಾರಿಗೂ ಬೀಳದ ದಾರಿಗೂ ನಡುವಿನ ಅಂತರ ಐದೂವರೆ ರನ್. ಹಾಗಾದರೆ ವಿಕೆಟ್ ಬೀಳದ ದಾರಿ 51.2, ಬಿದ್ದ ದಾರಿ 45.7. 78 ಪಾಲು ಮೊದಲನೆಯದು, 22 ಪಾಲು ಎರಡನೆಯದು ಸೇರಿಸಿದರೆ ತಿರುಗಿ 50 ಬರುತ್ತದೆ. ವಿಕೆಟ್ ಬಿದ್ದಾಗ ಲೈನ್ ಐದೂವರೆ ಇಳಿಯುವುದಿಲ್ಲ, 50ರಿಂದ ನಾಲ್ಕು ಚಿಲ್ಲರೆ ಇಳಿಯುತ್ತದೆ. ಬೀಳದಿದ್ದರೆ ಒಂದು ಏರುತ್ತದೆ.

ಬಿಜೈ ಹುಡುಗ
ಓ, ಇದು ಕಂಡೀಷನಲ್ ಎಕ್ಸ್‌ಪೆಕ್ಟೇಷನ್! ಕ್ಲಾಸಲ್ಲಿ ಇದನ್ನೇ ಮಾಡ್ತೇವೆ, ಕ್ರಿಕೆಟಿಗೆ ಹಾಕಿ ನೋಡಿರಲಿಲ್ಲ. ಆದರೆ ಆ ಐದೂವರೆ ಎಲ್ಲಿಂದ ಬಂತು ಸರ್? ಮತ್ತೆ ಅದು ಒಂದೊಂದು ಸಲ ಎರಡಕ್ಕೆ ಯಾಕೆ ಇಳಿತದೆ?

ಕಾರ್ಕಳ ಸ್ಕೋರರ್
ಉಳಿದ ಚೆಂಡುಗಳಿಂದ ಬರುತ್ತದೆ.

ಮೊದಲ ಓವರಿನ ಕೊನೆಗೆ ಒಬ್ಬ ಓಪನರ್ ಔಟಾದ ಅಂತಿಟ್ಟುಕೊಳ್ಳಿ. ಇನ್ನು 30 ಚೆಂಡು ಬಾಕಿ. ಅದರಲ್ಲಿ ಹೊಸಬ ಸುಮಾರು ಅರ್ಧ, ಅಂದರೆ 15 ಚೆಂಡು ಆಡುತ್ತಾನೆ. ಸೆಟ್ ಆದ ಓಪನರ್ ಪವರ್‌ಪ್ಲೇಯಲ್ಲಿ ಚೆಂಡಿಗೆ ಒಂದೂವರೆ ರನ್ ಹತ್ತಿರ ಹೊಡೆಯುತ್ತಿದ್ದರೆ, ಹೊಸಬ ಮೊದಲ ಹತ್ತು ಚೆಂಡಿನಲ್ಲಿ ಚೆಂಡಿಗೆ ಒಂದಕ್ಕಿಂತ ಸ್ವಲ್ಪ ಹೆಚ್ಚು ತೆಗೆಯುತ್ತಾನೆ. ಅಲ್ಲಿ ಮೂರೂವರೆ ರನ್ ಹೋಯಿತು. ವಿಕೆಟ್ ಬಿದ್ದ ಚೆಂಡಿನಲ್ಲೇ ರನ್ ಬಂದಿಲ್ಲ, ಅದು ಹತ್ತಿರ ಒಂದೂವರೆ. ಆ ಕಡೆಯವನು ಒಂದು ಓವರ್ ಕೈ ಹಿಡಿದು ಆಡಿದರೆ ಇನ್ನೂ ಸ್ವಲ್ಪ. ಎಲ್ಲ ಕೂಡಿದರೆ ಐದೂವರೆಯ ಆಸುಪಾಸು ಬರುತ್ತದೆ.

ಅದೇ ವಿಕೆಟ್ ಆರನೇ ಓವರಿನ ಮೂರನೇ ಚೆಂಡಿಗೆ ಬಿದ್ದರೆ? ಬಾಕಿ ಇರುವುದೇ ಮೂರು ಚೆಂಡು. ಹೊಸಬ ಅದರಲ್ಲಿ ಒಂದೆರಡು ಆಡಬಹುದು. ಆ ಚೆಂಡಿನ ಒಂದೂವರೆ ಮತ್ತು ಮೇಲೆ ಅರ್ಧ ರನ್, ಒಟ್ಟು ಎರಡು. ನಿಮ್ಮ ಜ್ಯೂಸ್ ಅಂಗಡಿಯಲ್ಲಿ ಒಂದು ದಿನ ಐದು, ಇನ್ನೊಂದು ದಿನ ಎರಡು ಇಳಿದದ್ದು ಇದಕ್ಕೇ. ವಿಕೆಟಿಗೆ ಸ್ಥಿರವಾದ ಬೆಲೆ ಇಲ್ಲ.

ಆರನೇ ಓವರಿನ ಇದೇ ವಿಕೆಟ್ 6 ಓವರ್ ಲೈನಿಗೆ ಎರಡೇ ರನ್ ಆದರೂ 10 ಓವರ್ ಲೈನಿಗೆ ನಾಲ್ಕೈದು ಆಗುತ್ತದೆ. ಹೊಸಬನ ನಿಧಾನದ ಹತ್ತು ಚೆಂಡುಗಳು ಆ ಲೆಕ್ಕದ ಒಳಗೆ ಬೀಳುತ್ತವಲ್ಲ.

ಪಣಂಬೂರು ಎಕ್ಸ್‌ಪ್ರೆಸ್
ಆಯ್ತು, ಚೆಂಡಿನ ಲೆಕ್ಕ ಒಪ್ಪಿದೆ. ಆದರೆ ಹಣ ಬರುವುದರಿಂದ ನಂಬರು ಓಡುವುದು ಸುಳ್ಳಾ? ನಾನೇ ಕಣ್ಣಾರೆ ನೋಡಿದ್ದೇನೆ. ಒಂದು ಚೆಂಡೂ ಬೀಳುವ ಮೊದಲು 48 ಇದ್ದದ್ದು 51 ಆಗಿರ್ತದೆ.

ಕಾರ್ಕಳ ಸ್ಕೋರರ್
ಸುಳ್ಳಲ್ಲ. ಪಂದ್ಯಕ್ಕೆ ಮೊದಲು ಓಡುವುದರಲ್ಲಿ ಹಣದ ಪಾತ್ರ ಇದೆ, ಟಾಸ್ ಮತ್ತು ತಂಡದ ಪಟ್ಟಿಯದ್ದೂ ಇದೆ. ಹೊಡಿಬಡಿ ಓಪನರ್ ಆಡುವುದಿಲ್ಲ ಅಂತ ಗೊತ್ತಾದರೆ ಯಾರೂ ಹಣ ಕಟ್ಟದಿದ್ದರೂ ನಂಬರು ಇಳಿಯುತ್ತದೆ. ಆದರೆ ವಿಕೆಟ್ ಬಿದ್ದ ಗಳಿಗೆಯನ್ನು ಗಮನಿಸಿ. ಮೊದಲು ಲೈನ್ ಮುಚ್ಚುತ್ತದೆ, ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ತಿರುಗಿ ತೆರೆಯುವಾಗ ಹೊಸ ನಂಬರು ಕೂತಿರುತ್ತದೆ. ನಡುವೆ ಹಣವೇ ಬಂದಿಲ್ಲ, ಹಾಗಾಗಿ ಆ ಇಳಿತ ಲೆಕ್ಕದ್ದೇ.

ಮತ್ತೆ ಮೈದಾನದಲ್ಲಿ ಕೂತು ಡೇಟಾ ಕಳಿಸುವವನಿಗೆ ಸ್ಟಂಪ್ ಹಾರಿದ್ದು ಕಾಣುವುದು ನಮ್ಮ ಟಿವಿಗಿಂತ ಎಷ್ಟೋ ಸೆಕೆಂಡ್ ಮೊದಲು. ಮೊಬೈಲ್ ಸ್ಟ್ರೀಮ್ ಆದರೆ ಇನ್ನೂ ಹಿಂದೆ. ಅಂಗಡಿಯಲ್ಲಿ ಕೂತವರು "ಬೌಲರ್ ಓಡಿ ಬರುವಾಗಲೇ ಲೈನ್ ಮುಚ್ಚಿತು, ಇವರಿಗೆ ಮೊದಲೇ ಗೊತ್ತಿತ್ತು" ಅನ್ನುತ್ತಾರೆ. ಅದು ಪ್ರಸಾರದ ವಿಳಂಬ, ಅಷ್ಟೇ.

ಕುಂದಾಪ್ರ ಕೀಪರ್
ಹ್ವಾಯ್, ಒಂದ್ ಪ್ರಶ್ನೆ. ಮೊದಲ ಓವರಿಗೆ 15 ಬಂದ್ರೆ 15 ಆರ್ಲಿ 90 ಅಂತ ಯಾರೂ ಹೇಳೂದಿಲ್ಲ, ಅದು ಗೊತ್ತಿತ್ತ್. ಆದ್ರೆ ಮೊದಲ ಓವರಿಗೆ ಬರೀ 4 ಬಂದ್ರೂ ಲೈನ್ ಹೆಚ್ಚು ಬೀಳೂದಿಲ್ಲ ಯಾಕೆ?

ಕಾರ್ಕಳ ಸ್ಕೋರರ್
ಆರು ಓವರೂ ಒಂದೇ ಸಮ ಅಲ್ಲ, ಅದಕ್ಕೆ. ಮೊದಲ ಓವರಿನಲ್ಲಿ ಚೆಂಡು ಸ್ವಿಂಗ್ ಆಗುತ್ತದೆ, ಒಳ್ಳೆಯ ಬೌಲರ್ ಹಾಕುತ್ತಾನೆ, ಓಪನರ್‌ಗಳು ನೋಡಿಕೊಳ್ಳುತ್ತಾರೆ. 30 ಗಜದ ವೃತ್ತದ ಹೊರಗೆ ಇಬ್ಬರೇ ಫೀಲ್ಡರ್ ಅನ್ನುವ ಲಾಭವನ್ನು ಪೂರ್ತಿ ಹಿಂಡುವುದು ಮೂರನೇ ಓವರಿನ ನಂತರ. 50ನ್ನು ಓವರಿಗೆ ಹಂಚಿದರೆ ನಾನು ಆರೂವರೆ, 8, ಎಂಟೂವರೆ, ಆಮೇಲೆ 9, 9, 9 ಅಂತ ಹಂಚುತ್ತೇನೆ. ಮೊದಲ ಓವರಿಗೆ 4 ಅಂದರೆ ನಿರೀಕ್ಷೆಗಿಂತ ಎರಡೂವರೆ ಕಡಿಮೆ. ವಿಕೆಟ್ ಹೋಗಿಲ್ಲ ಅಂತ ಒಂದು ಕೂಡಿಸಿ. ಲೈನ್ 48-49ರಲ್ಲಿ ನಿಲ್ಲುತ್ತದೆ.

ಸರಾಸರಿಯನ್ನೇ ಲೈನ್ ಅಂದುಕೊಳ್ಳುವುದೂ ತಪ್ಪು. ಲೈನ್ ಇರಬೇಕಾದ್ದು ಅರ್ಧ ಪಂದ್ಯ ಮೇಲೆ, ಅರ್ಧ ಪಂದ್ಯ ಕೆಳಗೆ ಬೀಳುವ ಜಾಗದಲ್ಲಿ. 2024ರ ಏಪ್ರಿಲ್ 20ರಂದು ದೆಹಲಿಯಲ್ಲಿ ಹೈದರಾಬಾದ್ ಪವರ್‌ಪ್ಲೇಯಲ್ಲಿ ವಿಕೆಟ್ ಇಲ್ಲದೆ 125 ಹೊಡೆಯಿತಲ್ಲ, ಅಂಥ ಒಂದು ಪಂದ್ಯ ಸರಾಸರಿಯನ್ನು ಎಳೆದು ಮೇಲಕ್ಕೆ ಒಯ್ಯುತ್ತದೆ. ನಡುವಿನ ಪಂದ್ಯವನ್ನು ಅದು ಅಲ್ಲಾಡಿಸುವುದಿಲ್ಲ. ಹಾಗಾಗಿ ಲೈನ್ ಸಾಮಾನ್ಯವಾಗಿ ಸರಾಸರಿಗಿಂತ ಸ್ವಲ್ಪ ಕೆಳಗೆ ಇರುತ್ತದೆ.

ಸುರತ್ಕಲ್ ಲೈಟ್‌ಹೌಸ್
ನಾನು ನನ್ನ ವಿಷಯ ಹೇಳ್ತೇನೆ, ಸಂಬಂಧ ಇಲ್ಲ ಅನಿಸಿದರೆ ಬಿಟ್ಟುಬಿಡಿ. ನನ್ನ ತಮ್ಮ ಒಂದು ಆ್ಯಪಿನಲ್ಲಿ ಸೆಷನ್ ಆಡ್ತಿದ್ದ. ಅವನ ಉಪಾಯ ಒಂದೇ. ಬೇಗ ವಿಕೆಟ್ ಬಿದ್ದ ಕೂಡಲೇ ನೋ ಹೇಳುವುದು. ವಿಕೆಟ್ ಬಿದ್ದರೆ ರನ್ ಬರುವುದಿಲ್ಲ ಅಂತ ಅವನ ವಾದ. ಮೊದಮೊದಲು ಬಂತು, ಆಮೇಲೆ ಎರಡು ತಿಂಗಳ ಸಂಬಳ ಹೋಯಿತು, ಅಮ್ಮನ ಬಳೆ ಅಡವಿಟ್ಟದ್ದು ಗೊತ್ತಾದದ್ದು ಕೊನೆಗೆ. ಅವನು ಇವತ್ತಿಗೂ ಲೆಕ್ಕ ಸರಿಯಿತ್ತು, ಅದೃಷ್ಟ ಇರಲಿಲ್ಲ ಅಂತಾನೆ. ಅದು ನಿಜವಾ?

ಕಾರ್ಕಳ ಸ್ಕೋರರ್
ಅಕ್ಕ, ಅದೃಷ್ಟದ ಮಾತಲ್ಲ. ಲೆಕ್ಕವೇ ಅವನ ವಿರುದ್ಧ ಇತ್ತು. ಇದನ್ನು ಅವನಿಗೆ ತೋರಿಸಿ.

ವಿಕೆಟ್ ಬಿದ್ದರೆ ರನ್ ಕಡಿಮೆ ಬರುತ್ತದೆ ಅನ್ನುವುದು ಸತ್ಯ. ಆದರೆ ಅವನಿಗೆ ಸಿಕ್ಕ ನಂಬರು ಇಳಿದ ಮೇಲಿನದ್ದು. 50 ಇದ್ದಾಗ ನೋ ಹೇಳಿ ಆಮೇಲೆ ವಿಕೆಟ್ ಬಿದ್ದಿದ್ದರೆ ಬೇರೆ ಮಾತು. ಅವನು ಹೇಳುತ್ತಿದ್ದದ್ದು 45 ಆದ ನಂತರ, ವಿಕೆಟಿನ ಬೆಲೆ ಅದರಲ್ಲಿ ಮುಗಿದೇ ಹೋಗಿತ್ತು. ಅಲ್ಲಿಂದ ಮೇಲೆ ಹೋಗುವುದೂ ಕೆಳಗೆ ಹೋಗುವುದೂ ಹೆಚ್ಚುಕಡಿಮೆ ಸಮ.

ಸಮ ಆಗಿದ್ದರೆ ಹಣ ಯಾಕೆ ಹೋಯಿತು ಅಂದರೆ ನಡುವಿನ ಅಂತರದಿಂದ. 47-48 ಅಂತ ಕೊಟ್ಟರೆ ಯೆಸ್ ಗೆಲ್ಲಲು 48 ಅಥವಾ ಹೆಚ್ಚು ಬೇಕು, ನೋ ಗೆಲ್ಲಲು 46 ಅಥವಾ ಕಡಿಮೆ. ಸರಿಯಾಗಿ 47 ಆದರೆ ಇಬ್ಬರೂ ಸೋತರು. ಪವರ್‌ಪ್ಲೇ ರನ್ ಎರಡೂ ಕಡೆಗೆ ಹನ್ನೊಂದು ಹನ್ನೆರಡು ರನ್ನಿನಷ್ಟು ಚದುರುತ್ತದೆ ಅಂತ ಹಿಡಿದರೆ, ನಡುವಿನ ಒಂದೊಂದು ನಂಬರಿಗೆ ಬೀಳುವ ಸಂಭವ ನೂರಕ್ಕೆ ಮೂರೂವರೆ. ಅಂದರೆ ಕಟ್ಟಿದ ಪ್ರತಿ ನೂರರಲ್ಲಿ ಮೂರೂವರೆ ರೂಪಾಯಿ ನಡೆಸುವವನಿಗೆ. ವಿಕೆಟ್ ಬಿದ್ದ ಗಡಿಬಿಡಿಯಲ್ಲಿ ಅಂತರ ಎರಡಕ್ಕೋ ಮೂರಕ್ಕೋ ಅಗಲ ಆಗುತ್ತದೆ. ಎರಡಾದರೆ ನೂರಕ್ಕೆ ಏಳು. ನಿಮ್ಮ ತಮ್ಮ ಅಂತರ ಅತಿ ಅಗಲ ಇರುವ ಗಳಿಗೆಯನ್ನೇ ಹುಡುಕಿ ಆಡುತ್ತಿದ್ದ.

ಸುರತ್ಕಲ್ ಲೈಟ್‌ಹೌಸ್
ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಇವತ್ತು ರಾತ್ರಿ ಅವನ ಹತ್ತಿರ ಕೂತು ಓದಿಸ್ತೇನೆ.

ಬಿಜೈ ಹುಡುಗ
ಸರ್, ನಿಜವಾದ ಒಂದು ಪಂದ್ಯ ಹಿಡಿದು ತೋರಿಸಬಹುದಾ? 2024ರ ವಿಶ್ವಕಪ್ ಫೈನಲ್ ನನಗೆ ಓವರ್ ಓವರ್ ನೆನಪುಂಟು.

ಕಾರ್ಕಳ ಸ್ಕೋರರ್
ಒಳ್ಳೆಯ ಆಯ್ಕೆ. ಜೂನ್ 29, ಬಾರ್ಬಡೋಸ್. ಆ ದಿನ ಮಾರುಕಟ್ಟೆಯಲ್ಲಿ ಇದ್ದ ಲೈನ್ ನಾನು ಹೇಳುತ್ತಿಲ್ಲ. ನಮ್ಮ ಲೆಕ್ಕದಿಂದ ಲೈನ್ ಹೇಗೆ ಓಡಬೇಕಿತ್ತು ಅಂತ ಮಾತ್ರ ನೋಡೋಣ. ಆ ವಿಶ್ವಕಪ್ಪಿನಲ್ಲಿ ರನ್ ಐಪಿಎಲ್‌ನಷ್ಟು ಸುಲಭಕ್ಕೆ ಬರುತ್ತಿರಲಿಲ್ಲ, ಹಾಗಾಗಿ 50 ಬಿಟ್ಟು 46ರಿಂದ ಶುರು ಮಾಡುತ್ತೇನೆ. ಓವರಿಗೆ ಹಂಚಿದರೆ 6, 7, 8, 8, ಎಂಟೂವರೆ, ಎಂಟೂವರೆ.

ಮೊದಲ ಓವರ್ ಯಾನ್ಸೆನ್. ಕೊಹ್ಲಿ ಮೂರು ಫೋರ್, 15 ರನ್. ಬಾಕಿ ಐದು ಓವರಿಗೆ 40, ಕೂಡಿದರೆ 55. ವಿಕೆಟ್ ಹೋಗಿಲ್ಲ, ಒಂದು ಸೇರಿಸಿ 56.

ಎರಡನೇ ಓವರ್ ಮಹಾರಾಜ್. ರೋಹಿತ್ ಮೊದಲ ಎರಡು ಚೆಂಡಿಗೆ ಎರಡು ಫೋರ್. ಆ ಹೊತ್ತಿಗೆ ಲೈನ್ 60 ಮುಟ್ಟಿರಬೇಕು. ನಾಲ್ಕನೇ ಚೆಂಡಿಗೆ ರೋಹಿತ್ ಔಟ್, ಆರನೆಯದಕ್ಕೆ ಪಂತ್ ಔಟ್. 2 ಓವರಿಗೆ 23, 2 ವಿಕೆಟ್.

ಇಲ್ಲಿ ಬರಿ ರನ್ ಕೂಡಿಸಿದವನಿಗೆ 23 ಮತ್ತು ಬಾಕಿ ನಾಲ್ಕು ಓವರಿನ 33 ಸೇರಿ ಇನ್ನೂ 56 ಕಾಣುತ್ತದೆ. ಓವರಿಗೆ ಹನ್ನೊಂದೂವರೆಯಂತೆ ಓಡುತ್ತಿರುವ ಸ್ಕೋರು, ಎಲ್ಲಿಯ ಅಪಾಯ ಅಂತ ಅನಿಸುತ್ತದೆ. ಆದರೆ ಕ್ರೀಸಿನಲ್ಲಿ ಹೊಸಬ ಸೂರ್ಯಕುಮಾರ್. ಪವರ್‌ಪ್ಲೇಯಲ್ಲಿ ಅತಿ ವೇಗವಾಗಿ ಹೊಡೆಯುತ್ತಿದ್ದ ರೋಹಿತ್ ಹೋಗಿದ್ದಾರೆ. ಎರಡನೇ ವಿಕೆಟ್ ಮೊದಲನೆಯದಕ್ಕಿಂತ ಭಾರ, ಇನ್ನೊಂದು ಹೋದರೆ ಇನಿಂಗ್ಸೇ ಕುಸಿಯುತ್ತದೆ ಅಂತ ಕೊಹ್ಲಿಯೂ ಆಟ ಬದಲಿಸಬೇಕಾಗುತ್ತದೆ. ಮೊದಲನೆಯದಕ್ಕೆ 4, ಎರಡನೆಯದಕ್ಕೆ 5 ಕಳೆದರೆ 47. ಒಂದೇ ಓವರಿನಲ್ಲಿ 60ರಿಂದ 47.

ನಾಲ್ಕೂವರೆ ಓವರಿಗೆ ಸೂರ್ಯನೂ ಔಟ್, 34ಕ್ಕೆ 3. ಬಾಕಿ 9 ಚೆಂಡು. ಹಿಂದಿನ ದರದಲ್ಲಿ ಅದಕ್ಕೆ 13 ಬರಬೇಕು, ಅಂದರೆ 47. ಮೂರನೇ ವಿಕೆಟಿಗೆ ಕಳೆಯಲು ಚೆಂಡೇ ಉಳಿದಿಲ್ಲ, ಎರಡೋ ಮೂರೋ ಅಷ್ಟೇ. 44-45. ಪವರ್‌ಪ್ಲೇ ಮುಗಿದದ್ದು 45ಕ್ಕೆ 3.

ಕುಂದಾಪ್ರ ಕೀಪರ್
ಎಂಥ ಚಂದ ಹೊಂದಿತ್ ಮಾರಾಯ್ರೆ!

ಕಾರ್ಕಳ ಸ್ಕೋರರ್
ಹೊಂದಿತು ಅಂತ ಹೆಚ್ಚು ನಂಬಬೇಡಿ. ಕೊನೆಯ 9 ಚೆಂಡಿನಲ್ಲಿ ಎರಡು ಸಿಂಗಲ್ ಬದಲು ಎರಡು ಸಿಕ್ಸ್ ಬಿದ್ದಿದ್ದರೆ 55 ಆಗುತ್ತಿತ್ತು, ಆಗಲೂ ಲೆಕ್ಕ ತಪ್ಪು ಅಂತ ಆಗುತ್ತಿರಲಿಲ್ಲ. ಲೆಕ್ಕ ಸರಿಯೋ ಅಂತ ನೋಡಬೇಕಾದ್ದು ನೂರಾರು ಪಂದ್ಯಗಳಲ್ಲಿ. ಆ ಪಂದ್ಯದಲ್ಲಿ 45ಕ್ಕೆ 3 ಆದ ಮೇಲೆ ಅಕ್ಷರ್ 31 ಚೆಂಡಿಗೆ 47 ಹೊಡೆದು, ಕೊಹ್ಲಿ 76 ಮಾಡಿ ಒಟ್ಟು 176 ಆಯಿತಲ್ಲ, ಆವಾಗ 20 ಓವರಿನ ಲೈನನ್ನು 150ಕ್ಕೆ ಇಳಿಸಿದ ಲೆಕ್ಕವೂ ತಪ್ಪಲ್ಲ.

ಅಜ್ಜರಕಾಡು ಹಿರಿಯ
ಟೆಸ್ಟಿನ ವಿಷಯ ಹೇಳುತ್ತೇನೆ ಅಂದಿರಿ.

ಕಾರ್ಕಳ ಸ್ಕೋರರ್
ಹೌದು ಹಿರಿಯರೇ. ಅಲ್ಲಿಯೂ ಬಾಕಿ ಚೆಂಡು, ಹೊಸಬನ ನಿಧಾನ ಎಲ್ಲ ಇದೇ. ಕಷ್ಟ ಎರಡು ಕಡೆ ಬರುತ್ತದೆ. ಸೆಷನ್ನಿಗೆ 30 ಓವರ್ ಅಂತ ಹೇಳುವುದು, ನಿಜವಾಗಿ ಬೀಳುವುದು 25-26 ಇರಬಹುದು, ಮಳೆ ಬೆಳಕು ಬೇರೆ. ಮತ್ತೆ ಟಿ20 ಪವರ್‌ಪ್ಲೇಯಲ್ಲಿ ಆಲೌಟ್ ಆಗುವುದು ಎಣಿಕೆಗೇ ಬರುವುದಿಲ್ಲ, ಟೆಸ್ಟ್ ಸೆಷನ್ನಿನಲ್ಲಿ ಬರುತ್ತದೆ. 2020ರ ಡಿಸೆಂಬರಿನಲ್ಲಿ ಅಡಿಲೇಡಿನಲ್ಲಿ ಭಾರತ 9ಕ್ಕೆ 1ರಿಂದ ಬೆಳಿಗ್ಗೆ ಶುರು ಮಾಡಿ ಅದೇ ಸೆಷನ್ನಿನಲ್ಲಿ 36ಕ್ಕೆ ಮುಗಿಯಿತು. ಅಲ್ಲಿ ಪ್ರತಿ ವಿಕೆಟ್ ಉಳಿದ ಓವರುಗಳನ್ನೇ ತಿಂದುಹಾಕುತ್ತದೆ.

ಅಜ್ಜರಕಾಡು ಹಿರಿಯ
ಆ ಬೆಳಿಗ್ಗೆ ಕಾಫಿ ಕುಡಿದು ಮುಗಿಸುವುದರೊಳಗೆ ಎಲ್ಲ ಆಗಿತ್ತು. ನೀವು ಹೇಳಿದ್ದು ಅರ್ಥವಾಯಿತು.

ಮಣಿಪಾಲ ಮಾಡೆಲ್
ಕಾರ್ಕಳದವರ ಲೆಕ್ಕ ಚೆನ್ನಾಗಿದೆ, ಆದರೆ ಒಂದು ಕಡೆ ನನಗೆ ಒಪ್ಪಿಗೆ ಇಲ್ಲ. ನಾನು ಡೇಟಾ ಕೆಲಸದವಳು. ಬೇಗ ವಿಕೆಟ್ ಬಿದ್ದ ಪಂದ್ಯಗಳಲ್ಲಿ ರನ್ ಕಡಿಮೆ ಇರುವುದಕ್ಕೆ ಹೊಸ ಬ್ಯಾಟ್ಸ್‌ಮನ್ ಕಾರಣ ಅಂತ ಎಲ್ಲವನ್ನೂ ಅವನ ತಲೆಗೆ ಕಟ್ಟಿದ್ದೀರಿ. ಚೆಂಡು ಜೋರಾಗಿ ಸ್ವಿಂಗ್ ಆಗುವ ದಿನ ವಿಕೆಟೂ ಬೀಳುತ್ತದೆ, ರನ್ನೂ ಬರುವುದಿಲ್ಲ. ಅಲ್ಲಿ ವಿಕೆಟ್ ಕಾರಣವಲ್ಲ, ಪಿಚ್ಚಿನ ಸುದ್ದಿ. 2023ರ ಏಷ್ಯಾ ಕಪ್ ಫೈನಲ್ ನೆನಪಿಸಿಕೊಳ್ಳಿ. ಸಿರಾಜ್ ಒಂದೇ ಓವರಿನಲ್ಲಿ ನಾಲ್ಕು ವಿಕೆಟ್ ತೆಗೆದರು, ಶ್ರೀಲಂಕಾ 50ಕ್ಕೆ ಆಲೌಟ್. ಅಲ್ಲಿ ಕ್ರೀಸಿಗೆ ಸೆಟ್ ಆದವನೇ ಬಂದಿದ್ದರೂ ರನ್ ಬರುತ್ತಿತ್ತಾ?

ಹಾಗಾಗಿ ಸ್ಲಿಪ್ಪಿಗೆ ಎಡ್ಜ್ ಹೋಗಿ ಬಿದ್ದ ವಿಕೆಟಿಗೂ ರನ್‌ಔಟಿಗೂ ಒಂದೇ ಬೆಲೆ ಹಾಕಬಾರದು. ರನ್‌ಔಟ್ ಪಿಚ್ಚಿನ ಬಗ್ಗೆ ಏನೂ ಹೇಳುವುದಿಲ್ಲ.

ಕಾರ್ಕಳ ಸ್ಕೋರರ್
ಒಳ್ಳೆಯ ಮಾತು ಎತ್ತಿದಿರಿ. ರನ್‌ಔಟ್ ಬೇರೆ ಇಡಬೇಕು ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಟಿ20ಯಲ್ಲಿ ಪಿಚ್ಚಿನ ಪಾಲು ನೀವು ಹೇಳುವಷ್ಟು ದೊಡ್ಡದಲ್ಲ ಅಂತ ನನ್ನ ಅನುಭವ. ಪವರ್‌ಪ್ಲೇಯಲ್ಲಿ ಎಷ್ಟೋ ವಿಕೆಟ್ ಬೀಳುವುದು ಬೌಂಡರಿಗೆ ಹೊಡೆಯಲು ಹೋಗಿ. ಬಾರ್ಬಡೋಸಿನಲ್ಲಿ ರೋಹಿತ್ ಸ್ವೀಪ್ ಮಾಡಿ ಕ್ಯಾಚ್ ಕೊಟ್ಟದ್ದರಲ್ಲಿ ಪಿಚ್ಚಿನ ಸುದ್ದಿ ಏನಿತ್ತು? ಸ್ವಿಂಗಿನ ಮಾತು ಏಕದಿನಕ್ಕೆ ಹೆಚ್ಚು ಹೊಂದುತ್ತದೆ.

ಮಣಿಪಾಲ ಮಾಡೆಲ್
ಅನುಭವದಿಂದ ಇದು ತೀರ್ಮಾನ ಆಗುವುದಿಲ್ಲ. ರನ್‌ಔಟ್ ಆದ ಪಂದ್ಯಗಳನ್ನು ಬೌಲ್ಡ್ ಮತ್ತು ಕೀಪರ್ ಕ್ಯಾಚ್ ಆದ ಪಂದ್ಯಗಳ ಜೊತೆ ಇಟ್ಟು, ವಿಕೆಟ್ ನಂತರದ ಓವರುಗಳ ರನ್ ಹೋಲಿಸಬೇಕು. ತೊಂದರೆ ಏನೆಂದರೆ ಮೊದಲ ಎರಡು ಓವರಿನಲ್ಲಿ ರನ್‌ಔಟ್ ಬಹಳ ಅಪರೂಪ. ಸಾಕಷ್ಟು ಪಂದ್ಯ ಸಿಗುವುದಿಲ್ಲ.

ಪಣಂಬೂರು ಎಕ್ಸ್‌ಪ್ರೆಸ್
ಏಕದಿನದ ಮಾತು ಬಂತಲ್ಲ. 2023ರ ವಿಶ್ವಕಪ್, ಚೆನ್ನೈ, ಆಸ್ಟ್ರೇಲಿಯಾ ಮೇಲೆ. ನಮ್ಮದು 2 ರನ್ನಿಗೆ 3 ವಿಕೆಟ್! ಆಮೇಲೆ ಕೊಹ್ಲಿ 85, ನಮ್ಮ ಸುರತ್ಕಲಿನ ರಾಹುಲ್ ಔಟಾಗದೆ 97. ಅಲ್ಲಿ 10 ಓವರ್ ಲೈನ್ ನೆಲ ಕಚ್ಚಿತ್ತು, ಪಂದ್ಯ ಮಾತ್ರ ನಾವೇ ಗೆದ್ದೆವು. ನಿಮ್ಮ ಲೈನ್ ಏನು ಹೇಳಿತು?

ಕಾರ್ಕಳ ಸ್ಕೋರರ್
10 ಓವರ್ ಲೈನ್ ಪಂದ್ಯ ಯಾರು ಗೆಲ್ಲುತ್ತಾರೆ ಅಂತ ಹೇಳುವುದೇ ಇಲ್ಲ. ಗುರಿ ಇದ್ದದ್ದು 200, ಕೈಯಲ್ಲಿ 48 ಓವರ್. ರಾಹುಲ್‌ಗೂ ಕೊಹ್ಲಿಗೂ ಅವಸರವೇ ಇರಲಿಲ್ಲ, ಹಾಗಾಗಿ ಹತ್ತು ಓವರಿನ ತನಕ ರನ್ ತೀರಾ ನಿಧಾನಕ್ಕೆ ಬಂತು. ಅದೇ 2ಕ್ಕೆ 3 ಆಗಿ ಗುರಿ 350 ಇದ್ದಿದ್ದರೆ ಅಷ್ಟು ನಿಧಾನಿಸಲು ಆಗುತ್ತಿರಲಿಲ್ಲ, ಲೈನ್ ಇನ್ನೂ ಮೇಲೆ ನಿಲ್ಲುತ್ತಿತ್ತು. ಚೇಸಿಂಗ್ ಪಂದ್ಯಗಳನ್ನು ಮೊದಲ ಇನಿಂಗ್ಸ್ ಜೊತೆ ಬೆರೆಸಿ ಸರಾಸರಿ ಹಾಕಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಬಿಜೈ ಹುಡುಗ
ನಾನು ಇದನ್ನೇ ಪ್ರಾಜೆಕ್ಟ್ ಮಾಡ್ತೇನೆ ಅಂತ ಗೈಡ್ ಹತ್ತಿರ ಕೇಳ್ತೇನೆ. ಐಪಿಎಲ್ ಎಲ್ಲ ಸೀಸನ್ ಒಟ್ಟಿಗೆ ತಗೊಳ್ಳಬಹುದಾ? ಡೇಟಾ ಹೆಚ್ಚು ಸಿಕ್ಕಿದಷ್ಟು ಒಳ್ಳೆದಲ್ಲ?

ಮಣಿಪಾಲ ಮಾಡೆಲ್
ಬೇಡ. 2023ರಲ್ಲಿ ಇಂಪ್ಯಾಕ್ಟ್ ಪ್ಲೇಯರ್ ನಿಯಮ ಬಂದ ಮೇಲೆ ತಂಡಗಳ ಬ್ಯಾಟಿಂಗ್ ಒಂದು ಸ್ಥಾನ ಉದ್ದವಾಯಿತು, ಪವರ್‌ಪ್ಲೇ ರನ್ ಮೇಲೆ ಹೋಯಿತು. ಹಳೆಯ ಸೀಸನ್ನುಗಳ ಸರಾಸರಿ ಹಾಕಿದರೆ ನಿನ್ನ ಲೈನ್ ಎಲ್ಲ ಪಂದ್ಯದಲ್ಲೂ ಕೆಳಗೆ ಬೀಳುತ್ತದೆ. 2023ರಿಂದ ಈಚೆಗೆ ಮಾತ್ರ ತಗೋ. ಮೈದಾನದ ಸರಾಸರಿಯನ್ನು ಪೂರ್ತಿ ನಂಬದೆ ಲೀಗ್ ಸರಾಸರಿಯ ಕಡೆಗೆ ಎಳೆ, ಒಂದು ಸೀಸನ್ನಿನಲ್ಲಿ ಒಂದು ಮೈದಾನಕ್ಕೆ ಏಳೆಂಟು ಪಂದ್ಯವೇ ಸಿಗುವುದು.

ಕಾರ್ಕಳ ಸ್ಕೋರರ್
ಮಳೆಯಿಂದ ಕಡಿತವಾದ ಪಂದ್ಯಗಳನ್ನು ಮೊದಲೇ ತೆಗೆದುಬಿಡಿ. 10 ಓವರಿನ ಪಂದ್ಯದಲ್ಲಿ ಪವರ್‌ಪ್ಲೇ 3 ಓವರ್ ಮಾತ್ರ. ಫೈಲಿನಲ್ಲಿ ಮೊದಲ 36 ಚೆಂಡು ಅಂತ ಕಣ್ಣು ಮುಚ್ಚಿ ತೆಗೆದರೆ ಫೀಲ್ಡರ್ ಹರಡಿದ ಓವರುಗಳೂ ಅದರಲ್ಲಿ ಸೇರುತ್ತವೆ. ವೈಡ್, ನೋಬಾಲ್ ಎಸೆತಗಳನ್ನು ಚೆಂಡಿನ ಎಣಿಕೆಯಲ್ಲಿ ಸೇರಿಸಬೇಡಿ, ಆದರೆ ಅವುಗಳ ರನ್ ಬಿಡಬೇಡಿ.

ಕುಂದಾಪ್ರ ಕೀಪರ್
ಇಂಪ್ಯಾಕ್ಟ್ ಪ್ಲೇಯರ್ ಬಂದ್ ಬ್ಯಾಟಿಂಗ್ ಉದ್ದ ಆಯ್ತ್ ಅಂದ್ರೆ, ವಿಕೆಟ್ ಬಿದ್ರೂ ಮೂರನೇಯವ ಹೆದರದೆ ಹೊಡಿತ ಅಲ್ದಾ? ಹಂಗಾರೆ ಆ ಐದೂವರೆ ಈಗ ಮೂರೋ ನಾಲ್ಕೋ ಆಯಿರ್ಕ್.

ಕಾರ್ಕಳ ಸ್ಕೋರರ್
ಇಳಿದಿರಬೇಕು ಅಂತ ನನಗೂ ಅನಿಸುತ್ತದೆ. ಹೊಸಬನ ಮೊದಲ ಹತ್ತು ಚೆಂಡಿನ ವೇಗ ಏರಿದ್ದರೆ ವಿಕೆಟಿನ ಬೆಲೆ ತಾನಾಗಿ ಕಡಿಮೆ ಆಗುತ್ತದೆ. ಆದರೆ ಓಪನರ್‌ಗಳ ವೇಗವೂ ಏರಿದೆಯಲ್ಲ, ಎರಡೂ ಒಟ್ಟಿಗೆ ಏರಿದ್ದರೆ ಅಂತರ ಹಾಗೇ ಉಳಿದಿರಬಹುದು. ಬಿಜೈಯವರೇ, 2022ರ ತನಕದ್ದು ಒಂದು ಗುಂಪು, ಆಮೇಲಿನದ್ದು ಒಂದು ಗುಂಪು ಮಾಡಿ. ಎರಡರಲ್ಲೂ ಮೂರನೇ ಕ್ರಮಾಂಕದವನು ಪವರ್‌ಪ್ಲೇ ಒಳಗೆ ಆಡಿದ ಮೊದಲ ಹತ್ತು ಚೆಂಡನ್ನು ಮಾತ್ರ ತೆಗೆದು ನೋಡಿ.

ಬಿಜೈ ಹುಡುಗ
ಆಯ್ತು ಸರ್, ಆ ಕಾಲಂ ಮೊದಲು ಮಾಡ್ತೇನೆ. ಔಟಾದ ಬಗೆಯನ್ನೂ ಪಕ್ಕದಲ್ಲಿ ಇಡ್ತೇನೆ, ಮಣಿಪಾಲದ ಅಕ್ಕ ಹೇಳಿದ ಹೋಲಿಕೆಗೆ ಬೇಕಾಗ್ತದೆ.

ಮಣಿಪಾಲ ಮಾಡೆಲ್
ಯಾವ ಓವರಿನಲ್ಲಿ ಬಿತ್ತು ಅನ್ನುವುದನ್ನೂ ಇಡು. ರನ್‌ಔಟ್ ಕಡಿಮೆ ಸಿಕ್ಕಿದರೆ ಸ್ಪಿನ್ನರಿಗೆ ಹೊಡೆಯಲು ಹೋಗಿ ಬೌಂಡರಿಯಲ್ಲಿ ಕ್ಯಾಚ್ ಆದದ್ದನ್ನು ಆ ಗುಂಪಿಗೆ ಸೇರಿಸಿ ನೋಡಬಹುದು, ಆದರೆ ಕ್ಯಾಚ್ ಎಲ್ಲಿ ಹಿಡಿದರು ಅಂತ ಆ ಫೈಲಿನಲ್ಲಿ ಇರುವುದಿಲ್ಲ. ಅದನ್ನು ಕಾಮೆಂಟರಿ ಓದಿ ನೀನೇ ತುಂಬಬೇಕು.